‘ಬೆಡ್ ಅಂಡರ್’ ಎನ್ನುವ ಮಗುವಿನ ಜೊತೆ ಒಂದು ಪುಸ್ತಕ

ಮಂಡ್ಯದಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಕಳೆದ ಜೂನ್‌ನಲ್ಲಿ ಗುತ್ತಲಿನ ತಾಯಿಯೊಬ್ಬರು ಯುಕೆಜಿ ಓದುವ ಮಗಳನ್ನು ಕರೆದುಕೊಂಡು ಬಂದರು. ಮನೆಯಲ್ಲೇ ಬಟ್ಟೆ ಹೊಲಿಯುವ ಅವರು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾರೆ. ಈಗ ಮೊಬೈಲ್ ನೋಡಿಕೊಂಡು ಇಂಗ್ಲಿಷ್ ಕಲಿಯುತ್ತಿದ್ದಾರೆ. “ಮೇಡಂ, ನಾನು ಓದಿ ಹೇಳಿದರೆ ನನ್ನ ತಪ್ಪೇ ಅವಳಿಗೂ ಅಂಟಿಕೊಳ್ಳುವುದಿಲ್ಲವೇ?” ಎಂದು ಕೇಳಿದರು.

ಮಗುವಿಗೆ ಎ ಬಿ ಸಿ ಡಿ ಪೂರ್ತಿ ಬಾಯಿಪಾಠವಿತ್ತು. ಚಿತ್ರ ತೋರಿಸಿ ಬೆಕ್ಕು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ‘ಬೆಡ್ ಅಂಡರ್’ ಎಂದಳು. ಇದು ದಡ್ಡತನವಲ್ಲ. ನಾವು ‘ಮಂಚದ ಕೆಳಗೆ’ ಎನ್ನುತ್ತೇವೆ; ವಸ್ತು ಮೊದಲು, ಜಾಗ ಆಮೇಲೆ. ಇಂಗ್ಲಿಷಿನಲ್ಲಿ ಜಾಗದ ಪದ ಮುಂದೆ ಬರುತ್ತದೆ. ಮಗು ಪದಗಳನ್ನು ಇಂಗ್ಲಿಷಿನಿಂದ ತೆಗೆದುಕೊಂಡು ಕನ್ನಡದ ದಾರದಲ್ಲಿ ಪೋಣಿಸಿತ್ತು. ಐದು ವರ್ಷದ ಮಗುವಿಗೆ ಈ ನಿಯಮವನ್ನು ವಿವರಿಸಿ ಫಲವಿಲ್ಲ, ಕಿವಿಗೆ ರೂಢಿ ಮಾಡಿಸಬೇಕು.

ಅದಕ್ಕೆ ಒಂದೇ ಪುಸ್ತಕ ಸಾಕು ಎಂದೆ. ಪುಟಕ್ಕೆ ಒಂದೋ ಎರಡೋ ವಾಕ್ಯ, ಅದೇ ಪ್ರಶ್ನೆ ಮತ್ತೆ ಮತ್ತೆ ಬರುವಂಥದ್ದು: ‘ವೇರ್ ಈಸ್ ದ ಕ್ಯಾಟ್?’, ‘ಅಂಡರ್ ದ ಬೆಡ್’, ‘ಆನ್ ದ ಬಾಕ್ಸ್’. ಒಂದು ಪುಟದಲ್ಲಿ ನಾಲ್ಕೈದು ಪದ ತಾಯಿಗೇ ಹೊಸದಾದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಇಂಥ ಕಥೆಗಳು ಉಚಿತವಾಗಿ ಸಿಗುತ್ತವೆ, ಕೆಲವಕ್ಕೆ ಓದಿ ಹೇಳುವ ಧ್ವನಿಯೂ ಇದೆ. ಮಗು ಮಲಗಿದ ಮೇಲೆ ತಾಯಿ ಆ ಧ್ವನಿಯನ್ನು ಮೂರು ಸಲ ಕೇಳಿ, ತಡವರಿಸುವ ಪದದ ಉಚ್ಚಾರವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡರೆ ಮರುದಿನದ ಓದಿಗೆ ತಯಾರಿ ಆದಂತೆ. ಅವರ ಭಯಕ್ಕೂ ಇದೇ ಉತ್ತರ: ಮಗು ಕೇಳುವುದು ಅವರ ಧ್ವನಿಯೊಂದನ್ನೇ ಆಗಬಾರದು. ವಾರದಲ್ಲಿ ಎರಡು ದಿನ ಇಬ್ಬರೂ ಕೂತು ಆ ಧ್ವನಿಯನ್ನೇ ಕೇಳಲಿ.

ಓದುವಾಗ ವಾಕ್ಯ ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ‘ಬೆಕ್ಕು ಯಾಕೆ ಅಡಗಿಕೊಂಡಿದೆ ಹೇಳು?’ ಎಂದು ಕನ್ನಡದಲ್ಲೇ ಕೇಳಿದರೆ ಮಗು ಕಥೆಯೊಳಗೆ ಇಳಿಯುತ್ತದೆ. ಪ್ರತಿ ಪದಕ್ಕೂ ಅರ್ಥ ಹೇಳುತ್ತ ಹೋದರೆ ಮಗು ಇಂಗ್ಲಿಷನ್ನು ಬಿಟ್ಟು ಕನ್ನಡಕ್ಕಾಗಿ ಕಾಯತೊಡಗುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹತ್ತು ನಿಮಿಷದ ಓದಿನ ನಂತರ ಆಟ. ಆ ತಾಯಿಯ ಕೈಯಲ್ಲಿ ಸದಾ ಇರುವುದು ನೂಲಿನ ರೀಲು, ಅದನ್ನೇ ಬೆಕ್ಕು ಮಾಡಿಕೊಂಡರು. ತಾಯಿ ಅಡಗಿಸಿ ‘ವೇರ್ ಈಸ್ ದ ರೀಲ್?’ ಎಂದು ಕೇಳುವುದು, ಮಗು ಹುಡುಕಿ ಹೇಳುವುದು. ಮರುಸರದಿಯಲ್ಲಿ ಮಗು ಅಡಗಿಸಿ ತಾಯಿ ಹೇಳುವುದು. ಮಗು ‘ಮೆಷಿನ್ ಅಂಡರ್’ ಎಂದರೆ ‘ತಪ್ಪು’ ಎನ್ನಬಾರದು, ‘ಹೌದು, ಅಂಡರ್ ದ ಮೆಷಿನ್!’ ಎಂದು ಸರಿಯಾದ ರೂಪವನ್ನು ಹೇಳಿ ಆಟ ಮುಂದುವರಿಸಬೇಕು. ಮತ್ತೆ ಹೇಳು ಎಂದು ಒತ್ತಾಯಿಸಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ನಮ್ಮ ನಾಲಿಗೆಯ ಇನ್ನೊಂದು ಅಭ್ಯಾಸವೂ ಇಲ್ಲಿ ಸಿಕ್ಕಿತು. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುವುದರಿಂದ ಬೆಡ್ ‘ಬೆಡ್ಡು’ ಆಗುತ್ತದೆ, ಬಾಕ್ಸ್ ‘ಬಾಕ್ಸು’ ಆಗುತ್ತದೆ. ಪದ ಮುಗಿಯುವಾಗ ಇಬ್ಬರೂ ಮುಷ್ಟಿ ಮುಚ್ಚಬೇಕೆಂದು ಆಟ ಕಟ್ಟಿದೆ. ಮುಷ್ಟಿ ಮುಚ್ಚಿದ ಮೇಲೆ ಸದ್ದು ಇರಬಾರದು. ತಾಯಿಯೇ ಹೆಚ್ಚು ಸಲ ಸೋತರು, ಮಗಳು ಸಂಭ್ರಮದಿಂದ ತಿದ್ದಿದಳು.

ಎರಡನೆಯ ವಾರಕ್ಕೆ ಮಗು ಇಡೀ ಪುಸ್ತಕ ‘ಓದುತ್ತಾಳೆ’ ಎಂದು ತಾಯಿ ಹಿಗ್ಗಿದರು. ಅದು ಬಾಯಿಪಾಠ. ಓದು ಬರುವ ಮೊದಲು ಇದು ಇರುವುದೇ, ತಡೆಯಬೇಕಿಲ್ಲ. ಆದರೆ ಅರ್ಥವಾಗಿದೆಯೇ ಎಂದು ತಿಳಿಯಲು ನಾನು ಬೇಕೆಂದೇ ‘ಆನ್ ದ ಬೆಡ್’ ಎಂದು ಓದಿದೆ. ಅವಳು ಚಿತ್ರದ ಮೇಲೆ ಬೆರಳಿಟ್ಟು ‘ಅಲ್ಲ, ಅಂಡರ್!’ ಎಂದಳು. ಸುಮ್ಮನಿದ್ದಿದ್ದರೆ ಆಟಕ್ಕೆ ಇನ್ನಷ್ಟು ದಿನ ಬೇಕು ಎಂದುಕೊಳ್ಳುತ್ತಿದ್ದೆ.

ಒಂದು ಎಚ್ಚರಿಕೆ. ಮಗು ಕನ್ನಡದಲ್ಲೂ ತಡವಾಗಿ ಮಾತು ಕಲಿತಿದ್ದರೆ ಅಥವಾ ಸರಳ ಮಾತೂ ಅರ್ಥವಾಗದಂತೆ ಕಂಡರೆ ಅದು ಇಂಗ್ಲಿಷಿನ ತೊಂದರೆಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ.

ನಾಲ್ಕನೆಯ ವಾರ ತಾಯಿ ಫೋನ್ ಮಾಡಿದರು. ಮಗಳು ರೀಲನ್ನು ಅಂಗಳದಲ್ಲಿ ಅಡಗಿಸಿ, ಅಜ್ಜಿಗೆ ಸುಳಿವು ಕೊಡುತ್ತ ‘ಆನ್ ದ ತುಳಸಿಕಟ್ಟೆ’ ಎಂದಿದ್ದಳಂತೆ. ಕನ್ನಡ ಬೆರೆಸಿದ್ದು ತಪ್ಪಲ್ಲವೇ ಎಂದು ಅವರ ಅನುಮಾನ. ಆ ಸಾಲು ಯಾವ ಪುಸ್ತಕದಲ್ಲೂ ಇರಲಿಲ್ಲ, ಮಗುವೇ ಕಟ್ಟಿದ್ದು, ಜಾಗದ ಪದ ತಾನಾಗಿ ಮುಂದೆ ಬಂದಿದೆ ಎಂದು ಹೇಳಿದೆ. ಮುಂದಿನ ವಾರಕ್ಕೆ ‘ಬಿಹೈಂಡ್’ ಇರುವ ಪುಸ್ತಕ ಹುಡುಕಿಕೊಟ್ಟೆ.