ಪದ ಪರಿಚಯ: ಯೂನಿಕ್ ರೀಚ್

ಒಂದೇ ಜಾಹೀರಾತು ಹಲವು ವೇದಿಕೆಗಳಲ್ಲಿ ಓಡಿದಾಗ, ಅದನ್ನು ಒಮ್ಮೆಯಾದರೂ ಕಂಡ ಬೇರೆ ಬೇರೆ ವ್ಯಕ್ತಿಗಳ ಒಟ್ಟು ಸಂಖ್ಯೆಯನ್ನು ಯೂನಿಕ್ ರೀಚ್ ಎನ್ನುತ್ತಾರೆ. ಪ್ರತಿಯೊಂದು ವೇದಿಕೆಯೂ ತನ್ನೊಳಗೆ ಮರಳಿ ಮರಳಿ ನೋಡಿದವರನ್ನು ಒಂದೇ ಸಲ ಎಣಿಸಿ ರೀಚ್ ಅಂಕಿಯನ್ನು ಕೊಡುತ್ತದೆ. ಆದರೆ ಅದೇ ವ್ಯಕ್ತಿ ಇನ್ನೊಂದು ಕಂಪನಿಯ ವೇದಿಕೆಯಲ್ಲೂ ಜಾಹೀರಾತನ್ನು ಕಂಡಿದ್ದಾನೆಯೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ವೇದಿಕೆಗಳ ಅಂಕಿಗಳನ್ನು ಸುಮ್ಮನೆ ಕೂಡಿಸಿದರೆ ಬರುವುದು ಜನರ ಲೆಕ್ಕವಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಂಗಳೂರಿನ ಹಂಪನಕಟ್ಟೆಯ ಸೀರೆ ಅಂಗಡಿಯೊಂದು ದೀಪಾವಳಿಗೆ ಜಾಹೀರಾತು ಕೊಟ್ಟಿದೆ. ಫೇಸ್‌ಬುಕ್‌ನಲ್ಲಿ 1,20,000, ಇನ್‌ಸ್ಟಾಗ್ರಾಂನಲ್ಲಿ 1,00,000 ಮತ್ತು ಯೂಟ್ಯೂಬ್‌ನಲ್ಲಿ 80,000 ರೀಚ್ ಬಂದಿದ್ದು, ಏಜೆನ್ಸಿಯ ವರದಿ ಮೂರು ಲಕ್ಷ ಎಂದು ಹೇಳುತ್ತದೆ.

ಇಲ್ಲಿ ಮೊದಲು ನೋಡಬೇಕಾದದ್ದು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡೂ ಮೆಟಾ ಕಂಪನಿಯವೇ ಎಂಬುದನ್ನು. ಆ ಕಂಪನಿಯ ಜಾಹೀರಾತು ವರದಿಯಲ್ಲಿ ಎರಡನ್ನೂ ಸೇರಿಸಿದ ರೀಚ್ ಸಿಗುತ್ತದೆ. ಅದು 1,70,000 ಎಂದಿಟ್ಟುಕೊಳ್ಳೋಣ. ಎರಡೂ ಕಡೆ ಇದ್ದ 50,000 ಜನ ಒಂದೇ ಏಟಿಗೆ ಲೆಕ್ಕದಿಂದ ಹೊರಹೋದರು. ಬಳಕೆದಾರರು ತಮ್ಮ ಎರಡು ಖಾತೆಗಳನ್ನು ಪರಸ್ಪರ ಜೋಡಿಸದೇ ಇದ್ದರೆ ಮೆಟಾ 2021ರಿಂದ ಅವರನ್ನು ಇಬ್ಬರೆಂದೇ ಎಣಿಸುತ್ತಿರುವುದರಿಂದ ಈ ಅಂಕಿಯೂ ತುಸು ಉಬ್ಬಿದ್ದೇ.

ಉಳಿದ ಪ್ರಶ್ನೆ ಮೆಟಾ ಮತ್ತು ಯೂಟ್ಯೂಬ್ ನಡುವಿನದು. ಯೂಟ್ಯೂಬ್‌ನಲ್ಲಿ ಕಂಡವರೆಲ್ಲರೂ ಮೆಟಾದಲ್ಲೂ ಕಂಡಿದ್ದರೆ ಯೂನಿಕ್ ರೀಚ್ 1,70,000. ಒಬ್ಬರೂ ಕಾಣದಿದ್ದರೆ 2,50,000. ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಬೇರೇನೂ ಗೊತ್ತಿಲ್ಲದಾಗ, ಮಾಧ್ಯಮ ಯೋಜಕರು ಸೇನ್ಸ್‌ಬರಿ ಸೂತ್ರ ಎಂದು ಕರೆಯುವ ಅಂದಾಜನ್ನು ಬಳಸುವುದುಂಟು. ಒಂದು ವೇದಿಕೆಯಲ್ಲಿ ಕಂಡಿರುವುದಕ್ಕೂ ಇನ್ನೊಂದರಲ್ಲಿ ಕಂಡಿರುವುದಕ್ಕೂ ಸಂಬಂಧವಿಲ್ಲ ಎಂದು ಅದು ಭಾವಿಸುತ್ತದೆ. ಎರಡು ವೇದಿಕೆಗಳಿಗೆ ಅದರ ರೂಪ ಹೀಗೆ:

```
R = A + B − (A × B) / N
```

A ಮತ್ತು B ಎಂಬುವು ಎರಡು ರೀಚ್‌ಗಳು, N ಎಂಬುದು ಗುರಿಯಾಗಿಟ್ಟುಕೊಂಡ ಒಟ್ಟು ಜನ. ಹೆಚ್ಚಿನವರು ಎಡವುವುದು ಈ N ಆರಿಸುವಲ್ಲಿ. ಮಂಗಳೂರು ಮತ್ತು ಸುತ್ತಲಿನ ಎಲ್ಲ ವಯಸ್ಕರನ್ನು ಸೇರಿಸಿ ನಾಲ್ಕು ಲಕ್ಷ ಎಂದು ಹಿಡಿದರೆ ಎರಡೂ ಕಡೆ ಇರುವವರು 34,000, ಯೂನಿಕ್ ರೀಚ್ 2,16,000 ಎಂದಾಗುತ್ತದೆ. ಆದರೆ ಸ್ಮಾರ್ಟ್‌ಫೋನನ್ನೇ ಮುಟ್ಟದವರು ಯಾವ ವೇದಿಕೆಯಲ್ಲೂ ಸಿಗುವವರಲ್ಲ. ಅವರನ್ನು ಬಿಟ್ಟು N ಅನ್ನು ಎರಡೂವರೆ ಲಕ್ಷಕ್ಕೆ ಇಳಿಸಿದರೆ ಎರಡೂ ಕಡೆ ಇರುವವರು 54,400ಕ್ಕೆ ಏರಿ, ಯೂನಿಕ್ ರೀಚ್ 1,95,600ಕ್ಕೆ ಇಳಿಯುತ್ತದೆ. ಜಾಹೀರಾತು ಬದಲಾಗಲಿಲ್ಲ, ಆದರೂ ಇಪ್ಪತ್ತು ಸಾವಿರ ಜನ ಕಾಣೆಯಾದರು. ವರದಿಯಲ್ಲಿ N ಎಷ್ಟೆಂದು ಬರೆಯದ ಏಜೆನ್ಸಿಯ ಯೂನಿಕ್ ರೀಚ್ ಅಂಕಿಯನ್ನು ನಾನು ಓದುವುದೇ ಇಲ್ಲ.

ಇಷ್ಟಾದ ಮೇಲೂ ಸೂತ್ರ ಹೆಚ್ಚನ್ನೇ ಹೇಳುತ್ತಿರುವ ಸಂಭವವಿದೆ. ಫೋನಿನಲ್ಲಿ ಹೆಚ್ಚು ಹೊತ್ತು ಕಳೆಯುವ ಕಾಲೇಜು ವಿದ್ಯಾರ್ಥಿನಿ ಎಲ್ಲ ವೇದಿಕೆಗಳಲ್ಲೂ ಇರುತ್ತಾಳೆ. ಅಪರೂಪಕ್ಕೆ ನೋಡುವ ಅವಳ ಅಜ್ಜಿ ಎಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಯೂಟ್ಯೂಬ್‌ನಲ್ಲಿ ಕಂಡವರಲ್ಲಿ ಮೆಟಾದಲ್ಲೂ ಕಂಡವರ ನಿಜವಾದ ಪಾಲು, ಅಂದರೆ ಅತಿವ್ಯಾಪ್ತಿ, ಸಾಮಾನ್ಯವಾಗಿ ಸೂತ್ರ ಕೊಡುವುದಕ್ಕಿಂತ ದೊಡ್ಡದು. ಎಷ್ಟು ದೊಡ್ಡದೆಂದು ತಿಳಿಯಲು ಜನರನ್ನೇ ಕೇಳಬೇಕು. ಯೂಟ್ಯೂಬ್‌ನಲ್ಲಿ ಕಂಡೆವು ಎಂದ 60 ಮಂದಿಯಲ್ಲಿ 48 ಮಂದಿ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂನಲ್ಲೂ ಕಂಡಿದ್ದರೆ, ಸೂತ್ರ ಹೇಳಿದ ಶೇ. 68ರ ಬದಲು ಅತಿವ್ಯಾಪ್ತಿ ಶೇ. 80 ಆಗುತ್ತದೆ. ಆಗ ಎರಡೂ ಕಡೆ ಇರುವವರು 64,000, ಯೂನಿಕ್ ರೀಚ್ 1,86,000. ಇಷ್ಟು ಸಣ್ಣ ಮಾದರಿಯಲ್ಲಿ ಅದು ಶೇ. 70ರಿಂದ 90ರವರೆಗೆ ಆಚೀಚೆ ಆಗುವುದು ಸಹಜವಾದ್ದರಿಂದ 1,78,000ದಿಂದ 1,94,000 ಎಂದು ವ್ಯಾಪ್ತಿಯಾಗಿ ಹೇಳುವುದೇ ಪ್ರಾಮಾಣಿಕ. ಅಂಗಡಿಗೆ ಬಂದವರನ್ನು ಮಾತ್ರ ಕೇಳಿದರೆ ಮತ್ತೊಂದು ದೋಷ ಸೇರಿಕೊಳ್ಳುತ್ತದೆ: ಜಾಹೀರಾತನ್ನು ಹಲವು ಕಡೆ ಕಂಡವರೇ ಬಂದಿರುವ ಸಾಧ್ಯತೆ ಹೆಚ್ಚು. ಎಲ್ಲಿ ಕಂಡೆವೆಂಬ ನೆನಪೂ ಅಷ್ಟು ಗಟ್ಟಿಯಲ್ಲ.

ಈ ಲೆಕ್ಕದ ಉಪಯೋಗ ತಿಳಿಯುವುದು ಹಣದ ಮಾತು ಬಂದಾಗ. ಯೂಟ್ಯೂಬ್‌ಗೆ 24,000 ರೂಪಾಯಿ ಖರ್ಚಾಗಿದ್ದರೆ ಅದರ ಸ್ವಂತ ವರದಿಯ ಪ್ರಕಾರ ತಲೆಗೆ 30 ಪೈಸೆ. ಆದರೆ ಮೆಟಾದಲ್ಲಿ ಸಿಗದೆ ಯೂಟ್ಯೂಬ್‌ನಿಂದ ಮಾತ್ರ ದೊರೆತವರು 16,000 ಮಂದಿಯಾದ್ದರಿಂದ, ಹೊಸದಾಗಿ ತಲುಪಿದ ಒಬ್ಬರಿಗೆ ಬಿದ್ದ ವೆಚ್ಚ ಒಂದೂವರೆ ರೂಪಾಯಿ. ಮಾದರಿಯ ದೋಷವನ್ನು ಸೇರಿಸಿದರೆ ಒಂದರಿಂದ ಮೂರು ರೂಪಾಯಿ. ಮುಂದಿನ ಹಬ್ಬಕ್ಕೆ ಆ 24,000 ರೂಪಾಯಿಯನ್ನು ಯೂಟ್ಯೂಬ್‌ಗೇ ಹಾಕಬೇಕೇ, ಸ್ಥಳೀಯ ಪತ್ರಿಕೆಗೆ ಕೊಡಬೇಕೇ ಎಂದು ಅಂಗಡಿಯ ಮಾಲೀಕರು ಹೋಲಿಸಬೇಕಾದದ್ದು ಈ ವೆಚ್ಚವನ್ನು, 30 ಪೈಸೆಯನ್ನಲ್ಲ.