ಗೊಬ್ಬರದ ಚೀಲದಲ್ಲಿ ಹೊಗೆಯಾಡಿದ ಸೆಲ್

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಒಂದು ಹೆಡ್‌ಟಾರ್ಚ್ ಜೀಪಿನ ಚಕ್ರಕ್ಕೆ ಸಿಕ್ಕಿತು. ಒಳಗಿನ ಲಿಥಿಯಂ ಅಯಾನ್ ಸೆಲ್ ಒಂದು ಕಡೆ ಚಪ್ಪಟೆಯಾಗಿತ್ತು, ಅಷ್ಟೇ. ರಟ್ಟು, ಪ್ಲಾಸ್ಟಿಕ್ ಜೊತೆ ಗೊಬ್ಬರದ ಖಾಲಿ ಚೀಲಕ್ಕೆ ಹಾಕಿದೆ. ಸಂಜೆ ಚೀಲದಿಂದ ಹೊಗೆ, ಮೂಗಿಗೆ ಚುಚ್ಚುವ ಸಿಹಿ ವಾಸನೆ. ಕೊಡಗಟ್ಟಲೆ ನೀರು ಸುರಿದ ಮೇಲೆ ಆರಿತು.

ಆ ಸೆಲ್ಲಿನ ತೂಕ ಸುಮಾರು 45 ಗ್ರಾಂ. ಒಳಗೆ ಎರಡು ಲೋಹದ ಹಾಳೆಗಳನ್ನು ಚಾಪೆ ಸುತ್ತಿದ ಹಾಗೆ ಸುತ್ತಿರುತ್ತಾರೆ. ಅವು ಒಂದಕ್ಕೊಂದು ತಾಗದಂತೆ ಕಾಯುವುದು ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪರದೆ. ಚಪ್ಪಟೆಯಾದ ಜಾಗದಲ್ಲಿ ಪರದೆ ಹರಿದರೆ ಒಳಗೊಳಗೇ ಶಾರ್ಟ್ ಆಗುತ್ತದೆ. ಶಾರ್ಟ್ ಸಣ್ಣದಿದ್ದರೆ ಸೆಲ್ ಗಂಟೆಗಟ್ಟಲೆ ಸುಮ್ನೆ ಬೆಚ್ಚಗಾಗುತ್ತಿರುತ್ತದೆ, ಗಾಳಿಯಾಡದ ಚೀಲದಲ್ಲಿ ಆ ಬಿಸಿ ಹೊರಗೆ ಹೋಗುವುದಿಲ್ಲ. ಸುಮಾರು 130 ಡಿಗ್ರಿಗೆ ಪರದೆಯೇ ಕರಗಿ, ಇಡೀ ಸೆಲ್ ಒಂದೇ ಸಲ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಬಿಸಿ ಇನ್ನೂ ಏರಿದರೆ ಅದರೊಳಗಿನ ವಸ್ತುವೇ ಆಮ್ಲಜನಕ ಬಿಡುತ್ತದೆ. ಹಾಗಾಗಿ ಗೋಣಿ ಮುಚ್ಚಿ ಉಸಿರು ಕಟ್ಟಿಸಿದರೆ ಸಾಲದು, ತುಂಬಾ ನೀರು ಹಾಕಿ ತಣ್ಣಗೆ ಮಾಡಬೇಕು.

ಹಾಗಾದರೆ ಇದು ಕಸಕ್ಕೆ ಬಂದದ್ದು ಹೇಗೆ? ಯುಪಿಎಸ್ ಬ್ಯಾಟರಿಯನ್ನು ಯಾರಾದರೂ ಕಸಕ್ಕೆ ಎಸೆಯುತ್ತಾರಾ? ಇಲ್ಲ. ಅದರ ಸೀಸಕ್ಕೆ ಬೆಲೆ ಇದೆ, ಹಳೆಯದು ಕೊಟ್ಟರೆ ಅಂಗಡಿಯವರು ಹೊಸದರಲ್ಲಿ ದುಡ್ಡು ಕಡಿಮೆ ಮಾಡುತ್ತಾರೆ. 2001ರಲ್ಲಿ ನಮ್ಮ ದೇಶ ತಂದ ಬ್ಯಾಟರಿ ನಿಯಮವೂ ಸೀಸದ ಬ್ಯಾಟರಿಗೆ ಮಾತ್ರ ಇತ್ತು. ಆದರೆ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟದ್ದು 1991ರಲ್ಲೇ. ಮೊದಲು ಮೊಬೈಲಿನ ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಆಮೇಲೆ ಅಂಟು ಹಾಕಿ ಕೂರಿಸಿದರು. ಈಗ ಇಯರ್‌ಬಡ್, ಟ್ರಿಮ್ಮರ್, ಮಕ್ಕಳ ಆಟಿಕೆಯೊಳಗೆ ಅದು ಇದೆ ಅನ್ನೋದೇ ಗೊತ್ತಾಗುವುದಿಲ್ಲ, ಅಲ್ವಾ?

ಲಿಥಿಯಂ ಬ್ಯಾಟರಿಯನ್ನೂ ತಯಾರಕರೇ ವಾಪಸ್ ಪಡೆದು ಮರುಬಳಕೆ ಮಾಡಿಸಬೇಕು ಎಂಬ ನಿಯಮ ಬಂದದ್ದು 2022ರ ಆಗಸ್ಟ್‌ನಲ್ಲಿ. ಕಾರ್ಖಾನೆಯಲ್ಲಿ ಸೆಲ್ಲಿನ ಚಾರ್ಜ್ ಪೂರ್ತಿ ಇಳಿಸಿ, ಬೆಂಕಿ ಹತ್ತದ ಹಾಗೆ ಪುಡಿ ಮಾಡಿ, ಸಿಗುವ ಕರಿ ಪುಡಿಯಿಂದ ಕೋಬಾಲ್ಟ್, ನಿಕಲ್, ಲಿಥಿಯಂ ತೆಗೆಯುತ್ತಾರೆ. ಆದರೆ ನನ್ನ ಹೆಡ್‌ಟಾರ್ಚ್ ಸೆಲ್ಲಿನಲ್ಲಿ ಲಿಥಿಯಂ ಇದ್ದದ್ದು ಒಂದು ಗ್ರಾಂಗಿಂತ ಕಡಿಮೆ. ಲಿಥಿಯಂ ಸೆಲ್ಲಿನಲ್ಲೇ ಇನ್ನೊಂದು ಬಗೆಯಾದ ಐರನ್ ಫಾಸ್ಫೇಟ್ ಸೆಲ್ಲಾದರೆ ಕೋಬಾಲ್ಟ್, ನಿಕಲ್ ಎರಡೂ ಇಲ್ಲ. ಇದಕ್ಕೆ ಗುಜರಿಯವರು ಯಾಕೆ ದುಡ್ಡು ಕೊಡುತ್ತಾರೆ? ಅದು ಕಸದ ಗಾಡಿಗೇ ಹೋಗುತ್ತದೆ. ಅಲ್ಲಿ ಕಸ ಒತ್ತುವ ಯಂತ್ರ ಜೀಪಿನ ಚಕ್ರದ ಕೆಲಸವನ್ನೇ ಮಾಡುತ್ತದೆ, ಸುತ್ತ ಒಣ ಕಾಗದ, ಪಕ್ಕದಲ್ಲೇ ಕಸ ವಿಂಗಡಿಸುವ ಹೆಂಗಸರು.

ಈಗ ನಾನು ಹಾಳಾದ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ, ಮಣ್ಣಿನ ಕುಂಡದಲ್ಲಿ ಒಣ ಮರಳಿನೊಳಗೆ ಮನೆಯಿಂದ ದೂರ ಇಡುತ್ತೇನೆ. ಉಬ್ಬಿದ್ದನ್ನು ಚುಚ್ಚುವುದಿಲ್ಲ, ಮತ್ತೆ ಚಾರ್ಜಿಗೂ ಹಾಕುವುದಿಲ್ಲ. ಕಸದ ಗಾಡಿಯ ಅಕ್ಕನಿಗೆ ಕೈಯಲ್ಲೇ ಕೊಟ್ಟು ಹೇಳಿದೆ. ಅವರು ಗಾಡಿಯ ಹೊರಗೆ ನೇತುಹಾಕಿದ್ದ ಬಕೆಟ್ ತೋರಿಸಿದರು: "ಇದರಲ್ಲಿ ಹಾಕಿ ಸಾರ್. ಹೋದ ತಿಂಗಳು ಒಂದು ಮೂಟೆ ಕೈಗೆ ಬಿಸಿ ಹತ್ತಿತ್ತು, ಎತ್ತಿ ರಸ್ತೆಗೆ ಎಸೆದೆ."