ಕೊನೆ ಗೊತ್ತಿರುವ ಕಥೆಯಲ್ಲಿ ಆಟಗಾರನಿಗೇನು ಕೆಲಸ?

ಗೇಮ್‌ಗಳಿಗೆ ಕಥೆ ಬರೆಯುವುದು ನನ್ನ ಕೆಲಸ. ಪುರಾಣದ ಕಥೆ ಕೈಗೆ ಬಂದಾಗಲೆಲ್ಲ ಮೊದಲು ಕಾಡುವ ತೊಡಕು ಒಂದೇ: ಕೊನೆ ಎಲ್ಲರಿಗೂ ಗೊತ್ತು.

ಮಹಾಭಾರತದ ಜೂಜಿನ ಪ್ರಸಂಗವನ್ನೇ ತಗೊಳ್ಳಿ. ಧರ್ಮರಾಯನ ದಾಳವನ್ನು ಆಟಗಾರನ ಕೈಗೆ ಕೊಟ್ಟೆವು ಅಂತಿಟ್ಟುಕೊಳ್ಳೋಣ. ಅವನು ಗೆದ್ದರೆ ವನವಾಸವೂ ಇಲ್ಲ, ಯುದ್ಧವೂ ಇಲ್ಲ. ಹಾಗಾಗಿ ಸೋಲಿಸಲೇಬೇಕು. ಆದರೆ ಆಟಗಾರ ಸುಮ್ನಿರುತ್ತಾನಾ? ಆಟವನ್ನು ಮೊದಲೇ ಉಳಿಸಿಟ್ಟ ಜಾಗಕ್ಕೆ, ಅಂದರೆ ಹಿಂದಿನ ಸೇವ್‌ಗೆ ಹೋಗಿ ಮತ್ತೆ ದಾಳ ಉರುಳಿಸುತ್ತಾನೆ, ಮತ್ತೆ ಸೋಲುತ್ತಾನೆ, ಕೊನೆಗೆ ಶಕುನಿಯ ಮೇಲೆ ಬರಬೇಕಾದ ಸಿಟ್ಟು ಗೇಮ್ ಮಾಡಿದವರ ಮೇಲೆ ಬರುತ್ತದೆ. ಗೇಮ್ ಬಿಡುಗಡೆಗೆ ಮೊದಲು ಅದನ್ನು ಆಡಿ ಪರೀಕ್ಷಿಸುವವರು ಒಂದೇ ಜಾಗದಲ್ಲಿ ಪದೇ ಪದೇ ಸೇವ್ ತೆರೆಯುತ್ತಿದ್ದರೆ, ಆಯ್ಕೆಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೇವೆ ಅಂತಲೇ ಅರ್ಥ.

ನಾನಾದರೆ ಆಟಗಾರನನ್ನು ದ್ರೌಪದಿಯ ಜಾಗದಲ್ಲಿ ನಿಲ್ಲಿಸುತ್ತೇನೆ. ದಾಳ ಆಗಲೇ ಉರುಳಿ ಆಗಿದೆ, ಅದನ್ನು ಬದಲಿಸುವ ಆಸೆಯೇ ಹುಟ್ಟುವುದಿಲ್ಲ. ಆದರೆ ಅವಳ ಬಳಿ ಒಂದು ಪ್ರಶ್ನೆ ಇದೆ: ಧರ್ಮರಾಯ ಮೊದಲು ಸೋತಿದ್ದು ತನ್ನನ್ನೋ, ನನ್ನನ್ನೋ? ಇದನ್ನು ಸಭೆಯಲ್ಲಿ ಯಾರಿಗೆ ಕೇಳಬೇಕು ಅನ್ನುವುದು ಆಟಗಾರನ ಕೈಯಲ್ಲಿ. ಭೀಷ್ಮ ಧರ್ಮ ಸೂಕ್ಷ್ಮ ಅನ್ನುತ್ತಾನೆ. ಕೌರವರಲ್ಲೇ ಒಬ್ಬನಾದ ವಿಕರ್ಣ ಅವಳ ಪರ ನಿಲ್ಲುತ್ತಾನೆ, ಕರ್ಣ ಅವನನ್ನು ಗದರುತ್ತಾನೆ. ಮುಂದೆ ಯುದ್ಧದ ಭಾಗದಲ್ಲಿ ಇವರು ಎದುರಾದಾಗ, ಅವತ್ತು ನೀವು ಕೇಳಿದ್ದಿರೋ ಇಲ್ಲವೋ ಅನ್ನುವುದರ ಮೇಲೆ ಅವರ ಮಾತು ಬದಲಾಗುತ್ತದೆ. ಭೀಮನ ಕೈಯಲ್ಲಿ ವಿಕರ್ಣ ಸಾಯುವುದು ತಪ್ಪುವುದಿಲ್ಲ. ಆದರೆ ಅವನ ಮಾತನ್ನು ಅವತ್ತು ಕೇಳಿಸಿಕೊಂಡ ಆಟಗಾರನಿಗೆ ಆ ಸಾವು ಜಾಸ್ತಿ ನೋಯುತ್ತದೆ, ಅಲ್ವಾ?

ಇದನ್ನು ಮಾಡಲು ಕೆಲಸವೂ ಕಡಿಮೆ. ಸಭೆಯಲ್ಲಿ ನಾಲ್ಕು ಜನರನ್ನು ಕೇಳಬಹುದು ಅಂತಿಟ್ಟುಕೊಂಡರೆ, ಒಬ್ಬೊಬ್ಬರನ್ನು ಕೇಳಿದ್ದು, ಕೇಳದೇ ಇದ್ದದ್ದು ಸೇರಿ 16 ಬಗೆಯ ಸಭೆಗಳಾಗುತ್ತವೆ. ಅಷ್ಟನ್ನೂ ಬರೆಯಲು ಹೋದರೆ ಗೇಮ್ ಮುಗಿಯುವುದೇ ಇಲ್ಲ. ಕೇಳಿದ್ದರೆ ಒಂದು, ಕೇಳದಿದ್ದರೆ ಒಂದು ಅಂತ ಒಬ್ಬೊಬ್ಬರಿಗೆ ಎರಡೇ ಮಾತು ಬರೆದಿಟ್ಟರೆ 8 ಮಾತಿನಲ್ಲಿ ಮುಗಿಯುತ್ತದೆ.

ಇನ್ನೊಂದು ದಾರಿ, ಕಥೆ ಮುಗಿದ ಮೇಲೆ ಆಟ ಶುರು ಮಾಡುವುದು. ಗ್ರೀಕ್ ಪುರಾಣ ಆಧರಿಸಿದ 'ಹೇಡಿಸ್' (2020) ಇದನ್ನು ಬಹಳ ಚೆನ್ನಾಗಿ ಮಾಡಿದೆ. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ಗಾಯಕ ಆರ್ಫಿಯಸ್ ತಿರುಗಿ ನೋಡಿ ಅವಳನ್ನು ಕಳೆದುಕೊಂಡ ಕಥೆ ಅಲ್ಲಿ ಹಾಗೇ ಇದೆ, ಅದನ್ನು ಮುಟ್ಟಿಲ್ಲ. ಪಾತಾಳದಲ್ಲಿ ಬೇರೆಬೇರೆಯಾಗಿರುವ ಅವರಿಬ್ಬರನ್ನು ಮತ್ತೆ ಸೇರಿಸುವ ಕೆಲಸ ಮಾತ್ರ ನಿಮ್ಮದು. ಪಾತಾಳದಿಂದ ತಪ್ಪಿಸಿಕೊಳ್ಳಲು ಹೋಗಿ ಸತ್ತಾಗಲೆಲ್ಲ ನಾಯಕ, ಪಾತಾಳದ ದೊರೆ ಹೇಡಿಸ್‌ನ ಮಗ, ಅಪ್ಪನ ಅರಮನೆಗೇ ವಾಪಸ್ ಬರುತ್ತಾನೆ. ಹಾಗಾಗಿ ಸೋತರೂ ಕಥೆ ಮುಂದೆ ಹೋಗುತ್ತದೆ, ಸೇವ್ ತೆರೆಯುವ ಮನಸ್ಸೇ ಬರುವುದಿಲ್ಲ.

ಇಂಥ ಗೇಮ್ ಹುಡುಕುವವರು ಆಡುವವರ ವಿಡಿಯೋ ಒಂದನ್ನು ನೋಡಿ. ಕಥೆಯ ದೊಡ್ಡ ಗಳಿಗೆ ಬಂದಾಗ ಆಟಗಾರನ ಕೈ ಏನು ಮಾಡುತ್ತಿದೆ ಗಮನಿಸಿ. ಅಲ್ಲಿ ಸಿನಿಮಾದಂತೆ ದೃಶ್ಯ ಓಡಿ, ಮಧ್ಯೆ ಬರೀ ಹೊಡೆದಾಟ ಇದ್ದರೆ, ನಿಮಗೆ ಬೇಕಾದ ಆಟ ಅದಲ್ಲ.